ಏರಿಯಾ ನಿಮ್ಮದೇ, ಆದರೆ ಟಾರ್ಗೆಟ್?

ಹಾಸನದಲ್ಲಿ ಪಂಪು-ಪೈಪಿನ ಅಂಗಡಿ ನಡೆಸುವ ವ್ಯಾಪಾರಿಯೊಬ್ಬರಿಗೆ ಕೊಯಮತ್ತೂರಿನ ಕಂಪನಿಯೊಂದು ಡಿಸ್ಟ್ರಿಬ್ಯೂಟರ್‌ಶಿಪ್ ಕೊಡಲು ಬಂದಿದೆ ಎಂದುಕೊಳ್ಳೋಣ. ಹಾಸನ, ಚಿಕ್ಕಮಗಳೂರು ಎರಡು ಜಿಲ್ಲೆಗೂ ಅವರೊಬ್ಬರೇ ಡಿಸ್ಟ್ರಿಬ್ಯೂಟರ್. ಅದಕ್ಕೆ ಬದಲಾಗಿ ವರ್ಷಕ್ಕೆ 1,200 ಬೋರ್‌ವೆಲ್ ಪಂಪುಗಳ ಮಾಲು ಎತ್ತಬೇಕು. ಎರಡು ಜಿಲ್ಲೆ ಒಬ್ಬರ ಕೈಗೆ ಬರುತ್ತದೆಂಬ ಸಂತೋಷದಲ್ಲಿ ಹಲವರು ಇಲ್ಲೇ ಸಹಿ ಹಾಕಿಬಿಡುತ್ತಾರೆ. ಆದರೆ ನಿಜವಾದ ಮಾತುಕತೆ ಶುರುವಾಗಬೇಕಾದದ್ದೇ ಇಲ್ಲಿಂದ.

ಮೊದಲು ಲೆಕ್ಕವನ್ನು ಅಂಗಡಿಗಳಿಂದ ಮೇಲಕ್ಕೆ ಕಟ್ಟಬೇಕು. ಈ ಬ್ರ್ಯಾಂಡ್ ಇಟ್ಟುಕೊಳ್ಳಲು ಎರಡು ಜಿಲ್ಲೆಗಳಲ್ಲಿ 40 ಅಂಗಡಿಗಳು ಒಪ್ಪುತ್ತವೆ, ತಿಂಗಳಿಗೆ ತಲಾ ಎರಡು ಪಂಪು ಹೋಗುತ್ತವೆ ಎನ್ನಿ. ಮಳೆಗಾಲದ ನಾಲ್ಕು ತಿಂಗಳು ವ್ಯಾಪಾರ ಅರ್ಧಕ್ಕಿಳಿಯುತ್ತದೆ. ಹಾಗಾಗಿ ವರ್ಷಕ್ಕೆ 800 ಪಂಪು. ಕಂಪನಿ ಕೇಳಿದ್ದಕ್ಕೂ ಇದಕ್ಕೂ 400ರ ಅಂತರ. ಪಂಪಿಗೆ ಸರಾಸರಿ 18,000 ರೂಪಾಯಿ ಹಿಡಿದರೆ 72 ಲಕ್ಷದ ಮಾಲು ಗೋಡೌನಿನಲ್ಲಿ ಕೂರುತ್ತದೆ. ಬ್ಯಾಂಕಿನ ಬಡ್ಡಿ ಶೇ. 12 ಇದ್ದು, ಈ ಮಾಲು ಆರು ತಿಂಗಳು ಹಾಗೇ ಉಳಿದರೆ ಬಡ್ಡಿಯೇ 4.32 ಲಕ್ಷ. ಶೇ. 6ರ ಮಾರ್ಜಿನ್‌ನಲ್ಲಿ ಆ 400 ಪಂಪುಗಳು ಕೊನೆಗೆ ಮಾರಾಟವಾದರೂ ಸಿಗುವ ಲಾಭ ಅಷ್ಟೇ. ದುಡಿದದ್ದೆಲ್ಲ ಬ್ಯಾಂಕಿಗೆ ಹೋದಂತಾಯಿತು.

ಈ ಕಾಗದವನ್ನು ಮುಂದಿಟ್ಟು ಮಾತಾಡಿದರೆ ಕಂಪನಿಯವರೂ ಕೇಳುತ್ತಾರೆ, ಏಕೆಂದರೆ ಕೊಳೆಯುವ ಸ್ಟಾಕ್ ಅವರಿಗೂ ಬೇಡ. ಮೊದಲ ವರ್ಷ 700, ಎರಡನೆಯ ವರ್ಷ 850, ಮೂರನೆಯ ವರ್ಷ 1,000 ಎಂಬ ಮೆಟ್ಟಿಲಿಗೆ ಇಬ್ಬರೂ ಒಪ್ಪಬಹುದು. ಟಾರ್ಗೆಟ್ಟನ್ನು ಹನ್ನೆರಡು ತಿಂಗಳಿಗೆ ಸಮನಾಗಿ ಹಂಚದೆ ಬೇಸಿಗೆಗೆ ಹೆಚ್ಚು, ಮಳೆಗಾಲಕ್ಕೆ ಕಡಿಮೆ ಇಡಿಸಬೇಕು. ಆರ್ಡರ್ ಹಾಕಿ, ಹಣವನ್ನೂ ಕಟ್ಟಿದ ಮೇಲೆ ಕಂಪನಿ ಹೇಳಿದ ದಿನದೊಳಗೆ ಮಾಲು ಕಳಿಸದಿದ್ದರೆ ಆ ಸಂಖ್ಯೆ ಟಾರ್ಗೆಟ್‌ನಿಂದ ಕಳೆಯಬೇಕು. ಏಪ್ರಿಲ್‌ನಲ್ಲಿ ಬಾರದ ಪಂಪು ಜುಲೈನಲ್ಲಿ ಬಂದರೆ ಕೊಳ್ಳುವವರು ಸಿಗುವುದಿಲ್ಲ.

ಟಾರ್ಗೆಟ್ ತಪ್ಪಿದರೆ ಏನಾಗುತ್ತದೆ ಎಂಬ ಸಾಲನ್ನು ಇನ್ನೂ ಎಚ್ಚರದಿಂದ ಓದಬೇಕು. ಕಂಪನಿಯ ಕರಡಿನಲ್ಲಿ ಸಾಮಾನ್ಯವಾಗಿ ‘ಒಪ್ಪಂದ ರದ್ದು’ ಎಂದಿರುತ್ತದೆ. ಅದರ ಬದಲು ಹಂತಗಳನ್ನು ಕೇಳಬೇಕು. ಶೇ. 80ಕ್ಕಿಂತ ಕಡಿಮೆಯಾದರೆ ಲಿಖಿತ ಎಚ್ಚರಿಕೆ, ಸರಿಪಡಿಸಿಕೊಳ್ಳಲು ಒಂದು ಸೀಸನ್ ಕಾಲಾವಕಾಶ. ಆಮೇಲೂ ಆಗದಿದ್ದರೆ, ಹಿಂದೆ ಬಿದ್ದ ಜಿಲ್ಲೆಯಲ್ಲಿ ಮಾತ್ರ ಇನ್ನೊಬ್ಬ ಡಿಸ್ಟ್ರಿಬ್ಯೂಟರ್ ಬರಲಿ. ಡಿಸ್ಟ್ರಿಬ್ಯೂಟರ್‌ಶಿಪ್ ಮಾತ್ರ ಉಳಿಯಲಿ.

ಇನ್ನು ಏರಿಯಾದ ವಿಷಯ. ‘ಬೇರೆ ಡಿಸ್ಟ್ರಿಬ್ಯೂಟರ್‌ನನ್ನು ನೇಮಿಸುವುದಿಲ್ಲ’ ಎಂದಷ್ಟೇ ಬರೆದರೆ ಕಂಪನಿ ತಾನೇ ನೇರವಾಗಿ ಮಾರುವುದಕ್ಕೆ ತಡೆಯಿಲ್ಲ. ಸರ್ಕಾರಿ ಟೆಂಡರ್‌ಗೆ ಕಂಪನಿ ಇದೇ ಜಿಲ್ಲೆಯಲ್ಲಿ 150 ಪಂಪು ಕೊಟ್ಟಿತೆನ್ನಿ. ಆಮೇಲೆ ರಿಪೇರಿಗೆ ಜನ ಬರುವುದು ನಿಮ್ಮ ಅಂಗಡಿಗೇ. ಆ 150 ನಿಮ್ಮ ಟಾರ್ಗೆಟ್‌ಗೆ ಸೇರುತ್ತದೆಯೇ, ಅದಕ್ಕೆ ಕಮಿಷನ್ ಉಂಟೇ, ಆನ್‌ಲೈನ್ ಮಾರಾಟದ್ದು ಯಾರ ಲೆಕ್ಕ ಎಂಬುದೆಲ್ಲ ಒಪ್ಪಂದದಲ್ಲೇ ಇರಬೇಕು.

ಪಕ್ಕದ ಜಿಲ್ಲೆಯ ಡಿಸ್ಟ್ರಿಬ್ಯೂಟರ್ ತನ್ನ ಟಾರ್ಗೆಟ್ ಮುಟ್ಟಲು ಕಡಿಮೆ ದರಕ್ಕೆ ನಿಮ್ಮ ಏರಿಯಾಗೆ ಮಾಲು ತಳ್ಳುವುದೂ ಉಂಟು. ಅರಸೀಕೆರೆಯ ಅಂಗಡಿಯೊಂದು ನಿಮ್ಮಿಂದ ಮಾಲು ಕೊಳ್ಳುವುದನ್ನು ನಿಲ್ಲಿಸಿದ ಮೇಲೂ ಅಲ್ಲಿ ಅದೇ ಪಂಪು ಕಂಡರೆ, ನೇಮ್‌ಪ್ಲೇಟ್ ಮೇಲಿನ ಸೀರಿಯಲ್ ನಂಬರಿನ ಫೋಟೊ ತೆಗೆದುಕೊಳ್ಳಿ. ಆ ನಂಬರಿನ ಬಿಲ್ ಯಾರಿಗೆ ಆಗಿದೆ ಎಂದು ಕಂಪನಿಯ ದಾಖಲೆ ಹೇಳಬಲ್ಲದು. ಕೇಳಿದಾಗ ಅದನ್ನು ತಿಳಿಸಬೇಕು, ಹಾಗೆ ಬಂದ ಮಾಲನ್ನು ನಿಮ್ಮ ಟಾರ್ಗೆಟ್‌ನಿಂದ ಕಳೆಯಬೇಕು ಎಂಬ ಷರತ್ತನ್ನು ಮೊದಲೇ ಹಾಕಿಸಿಕೊಂಡವರಿಗೆ ಮಾತ್ರ ಈ ಫೋಟೊ ಉಪಯೋಗಕ್ಕೆ ಬರುತ್ತದೆ.

ಏರಿಯಾ ಹಂಚಿಕೊಡುವ ಇಂಥ ಒಪ್ಪಂದಕ್ಕೆ ನಮ್ಮ ಕಾನೂನಿನಲ್ಲಿ ನೇರ ನಿಷೇಧವಿಲ್ಲ. 2002ರ ಸ್ಪರ್ಧಾ ಕಾಯ್ದೆಯ 3(4)ನೇ ಸೆಕ್ಷನ್, ಅದರಿಂದ ಮಾರುಕಟ್ಟೆಯ ಸ್ಪರ್ಧೆಗೆ ಗಣನೀಯ ಧಕ್ಕೆ ಆಗುತ್ತದೆಯೇ ಎಂಬುದನ್ನು ನೋಡುತ್ತದೆ. ಸಣ್ಣ ಡಿಸ್ಟ್ರಿಬ್ಯೂಟರ್‌ಗೆ ಇದಕ್ಕಿಂತ ದೊಡ್ಡ ಅಪಾಯ ಇರುವುದು ನೋಟಿಸ್ ಅವಧಿಯಲ್ಲಿ. ಇಂಡಿಯನ್ ಆಯಿಲ್ ಮತ್ತು ಅಮೃತಸರ ಗ್ಯಾಸ್ ಸರ್ವೀಸ್ ನಡುವಿನ ಪ್ರಕರಣದಲ್ಲಿ ಒಪ್ಪಂದವನ್ನು 30 ದಿನದ ನೋಟಿಸ್ ಕೊಟ್ಟು ಮುಗಿಸಲು ಅವಕಾಶವಿತ್ತು. ರದ್ದು ಮಾಡಿದ ರೀತಿ ತಪ್ಪೆಂದು ಕಂಡರೂ ಸುಪ್ರೀಂ ಕೋರ್ಟ್ ಏಜೆನ್ಸಿಯನ್ನು ಮರಳಿ ಕೊಡಿಸಲಿಲ್ಲ, ಆ 30 ದಿನದ ನಷ್ಟಕ್ಕಷ್ಟೇ ಪರಿಹಾರ ಎಂದಿತು.

ಅಂದರೆ ಮೂರು ವರ್ಷದ ಏರಿಯಾ ಹಕ್ಕು ಎಂದು ದೊಡ್ಡದಾಗಿ ಬರೆದು, ಕೊನೆಯ ಪುಟದಲ್ಲಿ ಯಾವ ಕಾರಣವನ್ನೂ ಕೊಡದೆ 30 ದಿನಕ್ಕೆ ಮುಗಿಸಬಹುದು ಎಂದಿದ್ದರೆ, ನಿಮ್ಮ ಹಕ್ಕಿನ ಆಯಸ್ಸು 30 ದಿನವೇ. ಕನಿಷ್ಠ ಆರು ತಿಂಗಳ ನೋಟಿಸ್, ಉಳಿದ ಸ್ಟಾಕನ್ನು ಬಿಲ್ಲಿನ ದರಕ್ಕೆ ಕಂಪನಿಯೇ ವಾಪಸ್ ಪಡೆಯುವ ಷರತ್ತು, ಡೆಪಾಸಿಟ್ ಮರಳಿಸುವ ದಿನಾಂಕ, ಈ ಮೂರನ್ನು ಬರೆಸಿಕೊಳ್ಳದೆ ಟಾರ್ಗೆಟ್‌ಗೆ ಒಪ್ಪಬಾರದು.