ಗೋಡೆಯ ಡಬ್ಬಿಯಲ್ಲಿ ಸೋರಿಹೋಗುವ ಬೆಳಕು

ಇಂಟರ್ನೆಟ್ ನಿಂತರೆ ನಮ್ಮ ಕೈ ಮೊದಲು ಹೋಗುವುದು ಸ್ವಿಚ್ಚಿನ ಕಡೆಗೆ. ಒಮ್ಮೆ ಆರಿಸಿ ಹಾಕಿದರೆ ಎಷ್ಟೋ ಸಲ ಸರಿಯಾಗುತ್ತದೆ ಕೂಡ. ಆದರೆ ಫೈಬರ್ ಸಂಪರ್ಕದ ಮೋಡೆಮ್ಮಿನಲ್ಲಿ LOS ಎಂದು ಬರೆದಿರುವ ಕಡೆ ಕೆಂಪು ದೀಪ ಮಿನುಗುತ್ತಿದ್ದರೆ, ಎಷ್ಟು ಸಲ ಆರಿಸಿ ಹಾಕಿದರೂ ಪ್ರಯೋಜನವಿಲ್ಲ. ಆ ದೀಪಕ್ಕೂ ವೈಫೈ ಪಾಸ್‌ವರ್ಡ್‌ಗೂ ಸಂಬಂಧವಿಲ್ಲ. ಗಾಜಿನ ಎಳೆಯಲ್ಲಿ ಬರಬೇಕಾದ ಬೆಳಕು ಬರುತ್ತಿಲ್ಲ, ಬಂದರೂ ಗುರುತಿಸಲಾಗದಷ್ಟು ಮಂಕಾಗಿದೆ ಎಂದಷ್ಟೇ ಅದು ಹೇಳುತ್ತದೆ. ಎಲ್ಲ ಸರಿಯಿದ್ದಾಗ LOS ದೀಪ ಆರಿರುತ್ತದೆ, ಪಕ್ಕದ PON ದೀಪ ಹಸಿರಾಗಿ ನಿಂತಿರುತ್ತದೆ. LOS ಆರಿದ್ದು PON ಮಾತ್ರ ಮಿನುಗುತ್ತಿದ್ದರೆ ಅದು ಬೇರೆಯೇ ತೊಂದರೆ. ಬೆಳಕು ಬರುತ್ತಿದೆ, ಆದರೆ ಆಚೆ ತುದಿಯ ಯಂತ್ರದೊಂದಿಗೆ ನಿಮ್ಮ ಮೋಡೆಮ್ಮಿನ ನೋಂದಣಿ ಇನ್ನೂ ಆಗಿಲ್ಲ ಎಂದರ್ಥ.

ಕೆಂಪು ದೀಪ ಕಂಡೊಡನೆ ರಸ್ತೆಯಲ್ಲಿ ಎಲ್ಲೋ ಕೇಬಲ್ ತುಂಡಾಗಿರಬೇಕು ಎಂದುಕೊಳ್ಳುತ್ತೇವೆ. ಆಗಿರಲೂಬಹುದು. ಆದರೆ ಮೊದಲು ನೋಡಬೇಕಾದ ಜಾಗ ಮನೆಯೊಳಗೇ ಇದೆ. ಕಂಬದಿಂದ ಬರುವ ಡ್ರಾಪ್ ಕೇಬಲ್ ಗೋಡೆಯ ಮೇಲಿನ ಪುಟ್ಟ ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಗಿಯುತ್ತದೆ. ಅಲ್ಲಿಂದ ಪ್ಯಾಚ್ ಕಾರ್ಡ್ ಎಂಬ ತೆಳ್ಳಗಿನ ವೈರು ಮೋಡೆಮ್ಮಿಗೆ ಹೋಗುತ್ತದೆ. ಅದರ ತುದಿಯಲ್ಲಿ ಸಾಮಾನ್ಯವಾಗಿ ಹಸಿರು ಕನೆಕ್ಟರ್ ಇರುತ್ತದೆ. ಈ ಡಬ್ಬಿ ಟಿವಿ ಸ್ಟ್ಯಾಂಡಿನ ಹಿಂದೆಯೋ ಬೀರುವಿನ ಮಗ್ಗುಲಲ್ಲೋ ಕೂತಿರುವುದೇ ಹೆಚ್ಚು. ಹಬ್ಬಕ್ಕೆ ಮನೆ ಒರೆಸುವಾಗ ಸ್ಟ್ಯಾಂಡನ್ನು ಗೋಡೆಗೆ ಒತ್ತಿದರೆ ಸಾಕು, ಡಬ್ಬಿಯಿಂದ ಹೊರಬರುವ ಜಾಗದಲ್ಲೇ ಪ್ಯಾಚ್ ಕಾರ್ಡ್ ಮಡಚಿಕೊಳ್ಳುತ್ತದೆ.

ತಾಮ್ರದ ತಂತಿಯನ್ನು ಮಡಚಿದರೂ ವಿದ್ಯುತ್ ಹರಿಯುತ್ತದೆ. ಫೈಬರ್ ಹಾಗಲ್ಲ. ಪ್ಲಾಸ್ಟಿಕ್ ಹೊದಿಕೆಗಳನ್ನೆಲ್ಲ ಬಿಡಿಸಿದರೆ ಉಳಿಯುವ ಗಾಜಿನ ಎಳೆಯ ದಪ್ಪ 125 ಮೈಕ್ರಾನ್. ಬೆಳಕು ಹರಿಯುವುದು ಅದರ ನಡುವಿನ ಸುಮಾರು 9 ಮೈಕ್ರಾನಿನ ತಿರುಳಿನಲ್ಲಿ ಮಾತ್ರ. ತಿರುಳಿಗೂ ಅದರ ಸುತ್ತಲಿನ ಗಾಜಿಗೂ ಇರುವ ವ್ಯತ್ಯಾಸ ತೀರಾ ಸಣ್ಣದು. ಗಾಜು ನೇರವಾಗಿದ್ದಾಗ ಬೆಳಕು ಆ ಗಡಿಯನ್ನು ಓರೆಯಾಗಿ ಸವರಿ ಒಳಕ್ಕೇ ಮರಳುತ್ತದೆ, ಕಿಲೋಮೀಟರುಗಟ್ಟಲೆ ಹಾಗೆಯೇ ಸಾಗುತ್ತದೆ. ಎಳೆಯನ್ನು ಬಿಗಿಯಾಗಿ ಬಗ್ಗಿಸಿದರೆ ಓರೆತನ ಕೆಡುತ್ತದೆ, ಬಾಗಿನ ಹೊರಮೈಯಿಂದ ಬೆಳಕು ಸೋರಿಹೋಗುತ್ತದೆ. ಈ ಸೋರಿಕೆ ಹಂತಹಂತವಾಗಿ ಏರುವಂಥದ್ದಲ್ಲ. ಒಂದು ಮಿತಿಯವರೆಗೆ ಬಗ್ಗಿಸಿದರೂ ಏನೂ ಆಗುವುದಿಲ್ಲ, ಆ ಮಿತಿ ದಾಟಿದ ಮೇಲೆ ಕೆಲವೇ ಮಿಲಿಮೀಟರಿನಲ್ಲಿ ನಷ್ಟ ವಿಪರೀತವಾಗುತ್ತದೆ.

ಹಳೆಯ ಬಗೆಯ ಸಾಮಾನ್ಯ ಫೈಬರ್‌ಗೆ 30 ಮಿಲಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾದ ಬಾಗು ಒಳ್ಳೆಯದಲ್ಲ. ಮನೆಯೊಳಗಿನ ಬಳಕೆಗೆಂದೇ ಬಂದಿರುವ G.657.A2 ಬಗೆಯದು 7.5 ಮಿಲಿಮೀಟರ್ ತನಕ ತಾಳುತ್ತದೆ. ವೈರಿನ ಮೇಲೆ ಅಚ್ಚಾಗಿದ್ದರೆ ಸರಿ, ಇಲ್ಲವಾದರೆ ನಿಮ್ಮ ಮನೆಗೆ ಯಾವುದನ್ನು ಹಾಕಿದ್ದಾರೆಂದು ಹೊರಗಿನಿಂದ ತಿಳಿಯುವುದಿಲ್ಲ. ಆದ್ದರಿಂದ ಹೆಚ್ಚುವರಿ ವೈರನ್ನು ಸುತ್ತಿಡುವಾಗ ಸುರುಳಿ ಸ್ಟೀಲ್ ಲೋಟದ ಬಾಯಿಗಿಂತ ಚಿಕ್ಕದಾಗದಂತೆ ನೋಡಿಕೊಳ್ಳುವುದು ಕ್ಷೇಮ.

ಎಷ್ಟು ಬೆಳಕು ಸೋರಿದರೆ ದೀಪ ಕೆಂಪಾಗುತ್ತದೆ? ಇದಕ್ಕೆ ಲೆಕ್ಕವಿದೆ, ಕಷ್ಟದ್ದೇನಲ್ಲ. ಬೆಳಕಿನ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ಹೇಳುತ್ತಾರೆ. ಅದರಲ್ಲಿ 3 ಇಳಿದರೆ ಬೆಳಕು ಅರ್ಧವಾಯಿತು, 10 ಇಳಿದರೆ ಹತ್ತನೇ ಒಂದು ಪಾಲು ಉಳಿಯಿತು. ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಆಪರೇಟರ್‌ನ ಯಂತ್ರದಿಂದ ಬೆಳಕು +3ರಲ್ಲಿ ಹೊರಡುತ್ತದೆ. ದಾರಿಯಲ್ಲಿ ಒಂದು ಸ್ಪ್ಲಿಟರ್ ಅದನ್ನು 32 ಮನೆಗಳಿಗೆ ಹಂಚುತ್ತದೆ, ಅಲ್ಲಿ ಸುಮಾರು 17 ಹೋಗುತ್ತದೆ. ನಾಲ್ಕು ಕಿಲೋಮೀಟರ್ ಗಾಜಿನ ಹಾದಿಗೆ ಒಂದೂವರೆ, ಬೆಸುಗೆ ಮತ್ತು ಕನೆಕ್ಟರ್‌ಗಳಿಗೆ ಇನ್ನೆರಡು. ಕೊನೆಗೆ ಮೋಡೆಮ್ಮಿಗೆ ಮುಟ್ಟುವುದು ಮೈನಸ್ 17.5. ಇದು ಒಳ್ಳೆಯ ಅಂಕಿ. ನಮ್ಮಲ್ಲಿ ಸಾಮಾನ್ಯವಾಗಿರುವ ಬಗೆಯ ಮೋಡೆಮ್ಮುಗಳು ಮೈನಸ್ 27ರವರೆಗೆ ಬೆಳಕನ್ನು ಓದಬಲ್ಲವು. ಈಗ ಟಿವಿ ಸ್ಟ್ಯಾಂಡ್ ಒತ್ತಿ ಪ್ಯಾಚ್ ಕಾರ್ಡ್ ಮೂಲೆಯಂತೆ ಮಡಚಿ, ಅಲ್ಲೇ 10 ಸೋರಿತು ಎನ್ನಿ. ಉಳಿದದ್ದು ಮೈನಸ್ 27.5. ನಾಲ್ಕು ಕಿಲೋಮೀಟರ್ ಹಾದಿಯಲ್ಲಿ ಆದದ್ದಕ್ಕಿಂತ ಹಲವು ಪಟ್ಟು ನಷ್ಟ ಗೋಡೆಯ ಹತ್ತಿರದ ಒಂದು ಮಡಿಕೆಯಲ್ಲಿ ಆಗಿಹೋಯಿತು. ದೀಪ ಕೆಂಪಾಯಿತು.

ಅದೇ ಮಡಿಕೆ ಸ್ವಲ್ಪ ಸಡಿಲವಾಗಿದ್ದು 8 ಮಾತ್ರ ಸೋರಿದ್ದರೆ ಮೈನಸ್ 25.5 ಸಿಗುತ್ತಿತ್ತು. ಆಗ ಇಂಟರ್ನೆಟ್ ನಡೆಯುತ್ತದೆ, ಆದರೆ ಸ್ಟ್ಯಾಂಡ್ ತುಸು ಅಲುಗಿದರೂ ನಿಲ್ಲುತ್ತದೆ, ಮತ್ತೆ ತಾನಾಗಿಯೇ ಬರುತ್ತದೆ. ಜನರನ್ನು ಹೆಚ್ಚು ಗೋಳಾಡಿಸುವುದು ಈ ಸ್ಥಿತಿಯೇ. ರಿಪೇರಿಗೆ ಬಂದವರ ಎದುರು ಎಲ್ಲ ಸರಿಯಾಗಿಯೇ ಇರುತ್ತದೆ.

ಇನ್ನೊಂದು ವಿಷಯವೂ ಇದೆ. ನಮ್ಮ ಕಡೆಗೆ ಬರುವ ಬೆಳಕಿನ ತರಂಗಾಂತರ 1490 ನ್ಯಾನೋಮೀಟರ್, ಮನೆಯಿಂದ ಹೋಗುವುದರದ್ದು 1310. ಬಾಗಿನಲ್ಲಿ ಹೆಚ್ಚು ಸೋರುವುದು ಉದ್ದನೆಯ ತರಂಗ, ಅಂದರೆ ನಮಗೆ ಬರುವುದೇ. ಆಚೆಯ ಬೆಳಕು ಸಿಗದಿದ್ದರೆ ಮೋಡೆಮ್ ತಾನೂ ಬೆಳಕು ಕಳಿಸುವುದಿಲ್ಲ. ಒಂದೇ ಎಳೆಯನ್ನು ಹಲವು ಮನೆಗಳು ಹಂಚಿಕೊಂಡಿರುವುದರಿಂದ, ಯಾರು ಯಾವ ಕ್ಷಣದಲ್ಲಿ ಕಳಿಸಬೇಕೆಂಬ ಸರದಿ ಆಚೆಯಿಂದಲೇ ಬರಬೇಕು. ಹಾಗಾಗಿ ಬರುವ ಹಾದಿ ಕೆಟ್ಟರೆ ಎರಡೂ ಹಾದಿ ನಿಂತಂತೆ.

ಕೆಂಪು ದೀಪ ಕಂಡಾಗ ಮೊದಲು ಅದೇ ಆಪರೇಟರ್‌ನ ಸಂಪರ್ಕ ಇರುವ ನೆರೆಯವರನ್ನು ಕೇಳಿ. ಅವರ ಮನೆಯಲ್ಲೂ ಕೆಂಪಿದ್ದರೆ ತೊಂದರೆ ಹೊರಗಿನದು: ಕೇಬಲ್ ತುಂಡಾಗಿರಬೇಕು, ಇಲ್ಲವೇ ಆಪರೇಟರ್‌ನ ಯಂತ್ರಕ್ಕೆ ಕರೆಂಟ್ ಇಲ್ಲ. ನಿಮ್ಮಲ್ಲಿ ಮಾತ್ರ ಕೆಂಪಿದ್ದರೆ ಮೋಡೆಮ್ಮಿನಿಂದ ಡಬ್ಬಿಯವರೆಗೆ ವೈರನ್ನು ಕಣ್ಣಿನಿಂದಲೇ ಹಿಂಬಾಲಿಸಿ. ಮಡಿಕೆ, ಬಿಗಿದ ಟ್ಯಾಗ್, ಬಾಗಿಲ ಸಂದಿಗೆ ಸಿಕ್ಕಿದ ಜಾಗ ಕಂಡರೆ ಮೆಲ್ಲಗೆ ಸಡಿಲಿಸಿ ದೊಡ್ಡ ಬಾಗು ಬರುವಂತೆ ಬಿಡಿ. ಗಾಜು ಮುರಿಯದೆ ಬರೀ ಬಾಗಿದ್ದರೆ ಬೆಳಕು ಆಗಲೇ ಮರಳುತ್ತದೆ. ಒಂದೆರಡು ನಿಮಿಷದಲ್ಲಿ LOS ಆರಿ PON ಹಸಿರಾಗುತ್ತದೆ. ಹಾಗಾಗದಿದ್ದರೆ ಎಳೆ ಮುರಿದಿರಬಹುದು, ಅಥವಾ ತೊಂದರೆ ಬೇರೆಡೆ ಇರಬಹುದು. ಸರಿಹೋದ ಮೇಲೂ ಜೋರಾಗಿ ಮಡಚಿದ್ದ ಪ್ಯಾಚ್ ಕಾರ್ಡನ್ನು ಬದಲಿಸುವುದೇ ಲೇಸು. ಗಾಜಿನಲ್ಲಿ ಬಿದ್ದ ಕೂದಲೆಳೆ ಬಿರುಕು ತೇವಕ್ಕೆ ಬೆಳೆದು ತಿಂಗಳುಗಳ ನಂತರ ತುಂಡಾಗಬಹುದು.

ಡಬ್ಬಿಯ ಮುಚ್ಚಳ ತೆರೆಯಬೇಡಿ. ಒಳಗೆ ಸುತ್ತಿಟ್ಟಿರುವ ಎಳೆಗೆ ಹೊರಗಿನ ವೈರಿನಷ್ಟು ರಕ್ಷಣೆ ಇರುವುದಿಲ್ಲ. ಹಸಿರು ಕನೆಕ್ಟರನ್ನು ಕಿತ್ತು ಬಟ್ಟೆಯಲ್ಲಿ ಒರೆಸಬೇಡಿ, 9 ಮೈಕ್ರಾನ್ ತಿರುಳನ್ನು ಮುಚ್ಚಲು ಒಂದು ಧೂಳಿನ ಕಣ ಸಾಕು. ಅದರ ತುದಿಯನ್ನು ಕಣ್ಣಿಗೆ ಹಿಡಿದು ನೋಡಲೇಬೇಡಿ. ಅದರಲ್ಲಿ ಬರುವುದು ಕಣ್ಣಿಗೆ ಕಾಣದ ಲೇಸರ್ ಬೆಳಕು, ಕಾಣುವುದಿಲ್ಲವೆಂದು ನಿರಪಾಯಕಾರಿ ಎಂದುಕೊಳ್ಳುವಂತಿಲ್ಲ.

ರಿಪೇರಿಗೆ ಬರುವವರ ಬಳಿ ಎರಡು ಸಾಧನ ಇರಬೇಕು. ಒಂದು ಪವರ್ ಮೀಟರ್, ಅದು ಬೆಳಕಿನ ಅಂಕಿ ತೋರಿಸುತ್ತದೆ. ಇನ್ನೊಂದು ಕೆಂಪು ಲೇಸರ್ ಪೆನ್, ಅದನ್ನು ತುದಿಗೆ ಹಚ್ಚಿದರೆ ಮಡಚಿದ ಅಥವಾ ಮುರಿದ ಜಾಗದಲ್ಲಿ ಹೊದಿಕೆಯ ಮೇಲೇ ಕೆಂಪು ಹೊಳೆಯುತ್ತದೆ. ಕೆಲಸ ಮುಗಿದ ಮೇಲೆ "ಪವರ್ ಎಷ್ಟು ಬಂತು?" ಎಂದು ಕೇಳಿ, ಆ ಅಂಕಿಯನ್ನು ಡಬ್ಬಿಯ ಮೇಲೆ ತಾರೀಕಿನೊಂದಿಗೆ ಬರೆಸಿಕೊಳ್ಳಿ. ಹಲವು ಮೋಡೆಮ್ಮುಗಳ ಪುಟದಲ್ಲಿ Rx Power ಎಂದು ಇದೇ ಅಂಕಿ ಸಿಗುತ್ತದೆ. ಮುಂದಿನ ಸಲ ತೊಂದರೆಯಾದಾಗ ಎರಡನ್ನೂ ಹೋಲಿಸಿ ನೋಡಿ. ಮೈನಸ್ 18 ಇದ್ದದ್ದು ಮೈನಸ್ 25 ಆಗಿದ್ದರೆ, ಇಂಟರ್ನೆಟ್ ನಡೆಯುತ್ತಿದ್ದರೂ ದೂರು ಕೊಡಿ.