ಅಡ್ವಾನ್ಸ್ ಕೊಟ್ಟ ಮೇಲೆ ಹುಟ್ಟುವ ಕಾರಣಗಳು

ದುಬಾರಿ ವಸ್ತು ಕೊಂಡವರು ಅದನ್ನು ಹೊಗಳುವುದು ಮರ್ಯಾದೆ ಉಳಿಸಿಕೊಳ್ಳಲು, ಕೈಸುಟ್ಟುಕೊಂಡದ್ದು ಅವರಿಗೂ ಒಳಗೊಳಗೆ ಗೊತ್ತಿರುತ್ತದೆ ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಆದರೆ ಎಷ್ಟೋ ಸಲ ಅವರು ಸುಳ್ಳು ಹೇಳುತ್ತಿರುವುದಿಲ್ಲ. ಅವರ ಅಭಿಪ್ರಾಯವೇ ಬದಲಾಗಿರುತ್ತದೆ.

ಅಮೆರಿಕದ ಮನೋವಿಜ್ಞಾನಿ ಲಿಯೋನ್ ಫೆಸ್ಟಿಂಗರ್ 1957ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಒಂದಕ್ಕೊಂದು ಹೊಂದದ ಎರಡು ತಿಳಿವಳಿಕೆಗಳು ಮನಸ್ಸಿನಲ್ಲಿ ಒಟ್ಟಿಗೆ ಇದ್ದರೆ ಕಸಿವಿಸಿ ಆಗುತ್ತದೆ. ಅದನ್ನೇ ಕಾಗ್ನಿಟಿವ್ ಡಿಸೊನೆನ್ಸ್ ಎನ್ನುತ್ತಾರೆ. ‘ನಾನು ಯೋಚಿಸಿ ಖರ್ಚು ಮಾಡುವವನು’ ಎಂಬುದು ಒಂದು, ‘ಸಾಲ ಮಾಡಿ ಕೊಂಡ ಸೈಟಿನಲ್ಲಿ ನೀರಿಲ್ಲ’ ಎಂಬುದು ಇನ್ನೊಂದು. ಕೊಟ್ಟ ದುಡ್ಡು ವಾಪಸ್ ಬರುವುದಿಲ್ಲ, ಆದ್ದರಿಂದ ಬದಲಾಗುವುದು ಸೈಟಿನ ಬಗೆಗಿನ ಅಭಿಪ್ರಾಯ.

ಈ ಬದಲಾವಣೆ ಎಷ್ಟು ಬೇಗ ಆಗುತ್ತದೆ ಎಂಬುದನ್ನು ಕೆನಡಾದ ವ್ಯಾಂಕೂವರ್‌ನ ಕುದುರೆ ರೇಸಿನಲ್ಲಿ ನೋಡಲಾಗಿದೆ. ನಾಕ್ಸ್ ಮತ್ತು ಇಂಕ್‌ಸ್ಟರ್ 1968ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಎರಡು ಡಾಲರ್ ಕಟ್ಟಲು ಕೌಂಟರಿನತ್ತ ಹೊರಟವರನ್ನು, ‘ನಿಮ್ಮ ಕುದುರೆ ಗೆಲ್ಲುವ ಸಾಧ್ಯತೆಗೆ ಏಳರಲ್ಲಿ ಎಷ್ಟು ಅಂಕ ಕೊಡುತ್ತೀರಿ’ ಎಂದು ಕೇಳಿದರು. ಆಗಷ್ಟೇ ಟಿಕೆಟ್ ಕೊಂಡು ಬಂದ ಬೇರೆ ಜನರನ್ನೂ ಅದನ್ನೇ ಕೇಳಿದರು. ಕಟ್ಟುವ ಮುಂಚಿನವರ ಸರಾಸರಿ 3.48, ಕಟ್ಟಿದವರದು 4.81. ಅಷ್ಟರಲ್ಲಿ ಕುದುರೆಗಳ ಬಗ್ಗೆ ಹೊಸ ಮಾಹಿತಿ ಏನೂ ಬಂದಿರಲಿಲ್ಲ. ಕೇಳಿದವರೂ ಅಪರಿಚಿತರು, ಅವರೆದುರು ಉಳಿಸಿಕೊಳ್ಳಬೇಕಾದ ಮಾನವೇನೂ ಇರಲಿಲ್ಲ.

ಸೈಟಿನ ವಿಷಯಕ್ಕೇ ಬರೋಣ. ಬೆಂಗಳೂರಿನಲ್ಲಿ ಬಾಡಿಗೆಗಿರುವ ಒಂದು ಕುಟುಂಬ ನೆಲಮಂಗಲದ ಆಚೆ 30x40 ಸೈಟು ಕೊಳ್ಳುವುದೋ, ಊರೊಳಗೆ ಹಳೆಯ ಫ್ಲ್ಯಾಟು ಕೊಳ್ಳುವುದೋ ಎಂದು ತಿಂಗಳುಗಟ್ಟಲೆ ತೂಗಿತು ಎಂದುಕೊಳ್ಳಿ. ಆಗ ಗಂಡ ಹೆಂಡತಿ ಇಬ್ಬರೂ ಸೈಟಿನ ದೋಷಗಳನ್ನು ಬಿಚ್ಚಿ ಹೇಳುತ್ತಿದ್ದರು: ಬೋರ್‌ವೆಲ್ ನೀರು ಸಾಲದು, ಆಫೀಸಿಗೆ ಹೋಗಿಬರಲು ಮೂರು ಗಂಟೆ ಬೇಕು. ಸೈಟೇ ಆಗಲಿ ಎಂದು ಅಡ್ವಾನ್ಸ್ ಕೊಟ್ಟರು. ಮರುವಾರದ ಮಾತು ಕೇಳಿ: ‘ಗಾಳಿ ಚೆನ್ನಾಗಿದೆ, ಇನ್ನೈದು ವರ್ಷಕ್ಕೆ ಮೆಟ್ರೊ ಬಂದೇ ಬರುತ್ತೆ.’ ಜೊತೆಗೆ ಬಿಟ್ಟ ಫ್ಲ್ಯಾಟಿನ ಗೋಡೆಯಲ್ಲಿ ಮುಂಚೆ ಕಾಣದ ಬಿರುಕುಗಳೂ ಕಾಣತೊಡಗುತ್ತವೆ. ಆರಿಸಿದ್ದು ಮೇಲೇರಿ ಬಿಟ್ಟದ್ದು ಕೆಳಗಿಳಿಯುವ ಈ ಜೋಡಿ ಚಲನೆಯನ್ನು ಜಾಕ್ ಬ್ರೆಹ್ಮ್ 1956ರಲ್ಲೇ ಗೃಹಬಳಕೆಯ ಉಪಕರಣಗಳನ್ನಿಟ್ಟು ತೋರಿಸಿದ್ದರು. ಎರಡು ಆಯ್ಕೆಗಳು ಸರಿಸಮವಾಗಿ ಇಷ್ಟವಾಗಿದ್ದಾಗ ಅದು ಇನ್ನೂ ಎದ್ದು ಕಂಡಿತ್ತು.

ದುಡ್ಡು ಹೆಚ್ಚಾದಷ್ಟೂ ಮನಸ್ಸು ಹೆಚ್ಚು ವಾಲುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. 1959ರಲ್ಲಿ ಫೆಸ್ಟಿಂಗರ್ ಮತ್ತು ಕಾರ್ಲ್‌ಸ್ಮಿತ್ ವಿದ್ಯಾರ್ಥಿಗಳಿಂದ ಒಂದು ಗಂಟೆ ಬೇಸರದ ಕೆಲಸ ಮಾಡಿಸಿದರು. ಆಮೇಲೆ, ಕೆಲಸ ಮಜವಾಗಿತ್ತು ಎಂದು ಮುಂದಿನವರಿಗೆ ಹೇಳಲು ಕೆಲವರಿಗೆ 1 ಡಾಲರ್, ಕೆಲವರಿಗೆ 20 ಡಾಲರ್ ಕೊಟ್ಟರು. ಕೆಲಸ ನಿಜಕ್ಕೂ ಚೆನ್ನಾಗಿತ್ತು ಎಂಬ ಅಭಿಪ್ರಾಯ ಹೆಚ್ಚು ಬಂದದ್ದು ಒಂದು ಡಾಲರಿನವರಿಂದ. ಇಪ್ಪತ್ತು ಪಡೆದವರಿಗೆ ‘ದುಡ್ಡಿಗಾಗಿ ಹೇಳಿದೆ’ ಎಂಬ ಕಾರಣ ಕೈಯಲ್ಲೇ ಇತ್ತು. ಹೊರಗೆ ಸಾಕಷ್ಟು ಕಾರಣ ಸಿಕ್ಕಿದವರು ಒಳಗೆ ಹುಡುಕಬೇಕಿಲ್ಲ. ಅಪ್ಪನ ಒತ್ತಾಯಕ್ಕೆ ಸೈಟು ಕೊಂಡವರು ಅದನ್ನು ಬಾಯಿತುಂಬ ಬೈಯುವುದೂ ಇದಕ್ಕೇ. ತಾವೇ ಆರಿಸಿದವರಿಗೆ ಆ ಸೌಲಭ್ಯವಿಲ್ಲ.

‘ಇಷ್ಟವಾಗದಿದ್ದರೆ ಹಿಂತಿರುಗಿಸಬಹುದು’ ಎಂಬ ಅವಕಾಶ ಇದ್ದರೆ ನೆಮ್ಮದಿ ಎಂದೂ ನಂಬುತ್ತೇವೆ. ಗಿಲ್ಬರ್ಟ್ ಮತ್ತು ಎಬರ್ಟ್ 2002ರ ಅಧ್ಯಯನದಲ್ಲಿ, ತಾವು ತೆಗೆದ ಎರಡು ಫೋಟೊಗಳಲ್ಲಿ ಒಂದನ್ನು ಇಟ್ಟುಕೊಂಡ ವಿದ್ಯಾರ್ಥಿಗಳನ್ನು ಗಮನಿಸಿದರು. ಆಮೇಲೆ ಬದಲಾಯಿಸಿಕೊಳ್ಳುವ ಅವಕಾಶ ಇದ್ದವರಿಗೆ ತಮ್ಮ ಫೋಟೊ ಕಡಿಮೆ ಇಷ್ಟವಾಯಿತು, ಅವಕಾಶ ಇಲ್ಲದವರಿಗೆ ಹೆಚ್ಚು. ಬಾಗಿಲು ಮುಚ್ಚಿದ ಮೇಲೆಯೇ ಮನಸ್ಸು ಒಗ್ಗಿಕೊಳ್ಳಲು ತೊಡಗುತ್ತದೆ. ಇದರಲ್ಲಿ ಒಳ್ಳೆಯದೂ ಇದೆ, ಇಲ್ಲದಿದ್ದರೆ ಕೊಂಡ ಪ್ರತಿ ವಸ್ತುವೂ ಜೀವ ಹಿಂಡುತ್ತಿತ್ತು. ತೊಂದರೆ ಶುರುವಾಗುವುದು ಹೊಸದಾಗಿ ಹುಟ್ಟಿದ ಕಾರಣವನ್ನು ನಂಬಿ ಅದೇ ಬಡಾವಣೆಯಲ್ಲಿ ಎರಡನೆಯ ಸೈಟಿಗೂ ಸಾಲ ಎತ್ತಿದಾಗ.

ಎಲ್ಲ ಹೊಗಳಿಕೆಯೂ ಸಮರ್ಥನೆಯಲ್ಲ. ಕೆಲವರಿಗೆ ಆ ಸೈಟು ಮೊದಲಿನಿಂದಲೂ ಹೆಚ್ಚು ಇಷ್ಟವಾಗಿರಬಹುದು. ಬ್ರೆಹ್ಮ್ ಮಾದರಿಯ ಪ್ರಯೋಗಗಳು ಈ ಎರಡನ್ನೂ ಬೇರೆ ಮಾಡುವುದಿಲ್ಲ ಎಂಬ ಟೀಕೆ ಬಂದಿದೆ, ಅದು ನ್ಯಾಯವಾದ ಟೀಕೆ. ನಿಮ್ಮ ಮಟ್ಟಿಗೆ ಪತ್ತೆಹಚ್ಚಲು ದಾರಿಯಿದೆ: ದುಡ್ಡು ಕೊಡುವ ಮುಂಚೆಯೇ ಗುಣದೋಷಗಳನ್ನು ತಾರೀಖು ಹಾಕಿ ಬರೆದಿಡಿ. ಆರು ತಿಂಗಳ ಮೇಲೆ ನೀವು ಹೇಳುವ ಮುಖ್ಯ ಕಾರಣ ಆ ಹಾಳೆಯಲ್ಲಿ ಇಲ್ಲದಿದ್ದರೆ, ಪರಿಸ್ಥಿತಿಯೂ ಬದಲಾಗಿರದಿದ್ದರೆ, ಅದು ಆಮೇಲೆ ಹುಟ್ಟಿದ್ದು.

ಈಗಾಗಲೇ ಕೊಂಡವರ ಸಲಹೆ ಕೇಳಲು ಹೋದಾಗ ‘ಹೇಗಿದೆ ಸರ್?’ ಎಂದು ಕೇಳಬೇಡಿ. ಕಳೆದ ಏಪ್ರಿಲ್‌ನಲ್ಲಿ ಎಷ್ಟು ಟ್ಯಾಂಕರ್ ನೀರು ತರಿಸಿದಿರಿ, ಒಂದಕ್ಕೆ ಎಷ್ಟು ಕೊಟ್ಟಿರಿ ಎಂದು ಕೇಳಿ.