ಕರಾರಿನ ವಾಕ್ಯದಲ್ಲಿ ‘ವಿಚ್’ ಎಲ್ಲಿ, ‘ದಟ್’ ಎಲ್ಲಿ?

ಇಂಗ್ಲಿಷ್ ಕರಾರುಪತ್ರದಲ್ಲಿ ನಾಮಪದದ ಬೆನ್ನಿಗೆ ‘ವಿಚ್’ ಅಥವಾ ‘ದಟ್’ ಎಂದು ಶುರುವಾಗುವ ಉಪವಾಕ್ಯ ಎರಡರಲ್ಲಿ ಒಂದು ಕೆಲಸ ಮಾಡುತ್ತದೆ. ಹಲವು ವಸ್ತುಗಳಲ್ಲಿ ಇಂಥವು ಮಾತ್ರ ಎಂದು ಆರಿಸಿ ತೋರಿಸಿದರೆ ಅದು ನಿರ್ಬಂಧಕ ಉಪವಾಕ್ಯ. ಯಾವುದೆಂದು ಮೊದಲೇ ಗೊತ್ತಿರುವ ವಸ್ತುವಿಗೆ ಬರೀ ಒಂದು ವಿವರ ಸೇರಿಸಿದರೆ ಅದು ಅನಿರ್ಬಂಧಕ.

ಒಂದು ಮಗ್ಗದ ಕಾರ್ಖಾನೆ ಮಾರಾಟವಾಗುತ್ತಿದೆ ಎಂದುಕೊಳ್ಳೋಣ. ಒಟ್ಟು 40 ಮಗ್ಗಗಳು. ಅವುಗಳಲ್ಲಿ 12 ಎರಡನೇ ಶೆಡ್ಡಿನಲ್ಲಿವೆ. ಕರಾರಿನ ಒಂದು ಷರತ್ತು ಹೀಗಿದೆ: ‘ದಿ ಸೆಲ್ಲರ್ ಶಲ್ ರಿಪೇರ್ ದಿ ಲೂಮ್ಸ್ ದಟ್ ಆರ್ ಇನ್ ಶೆಡ್ ಟು.’ ಇದರಂತೆ ಮಾರುವವರು ರಿಪೇರಿ ಮಾಡಿಕೊಡಬೇಕಾದದ್ದು 12 ಮಗ್ಗಗಳನ್ನು. ಅದೇ ವಾಕ್ಯದಲ್ಲಿ ‘ಲೂಮ್ಸ್’ ಆದಮೇಲೆ ಅಲ್ಪವಿರಾಮ ಹಾಕಿ ‘ವಿಚ್ ಆರ್ ಇನ್ ಶೆಡ್ ಟು’ ಎಂದು ಬರೆದರೆ ರಿಪೇರಿಯ ಹೊಣೆ ಎಲ್ಲ 40 ಮಗ್ಗಗಳಿಗೂ ಹಬ್ಬುತ್ತದೆ. ಅವೆಲ್ಲ ಎರಡನೇ ಶೆಡ್ಡಿನಲ್ಲಿವೆ ಎಂಬ ತಪ್ಪು ಮಾಹಿತಿಯೂ ಸೇರಿಕೊಳ್ಳುತ್ತದೆ. ಮಗ್ಗವೊಂದಕ್ಕೆ 15,000 ರೂಪಾಯಿ ಖರ್ಚೆಂದರೆ, ಮೊದಲ ವಾಕ್ಯದ ಬೆಲೆ 1,80,000 ರೂಪಾಯಿ, ಎರಡನೆಯದರದು 6,00,000 ರೂಪಾಯಿ.

ತೊಡಕಿರುವುದು ಮೂರನೇ ರೂಪದಲ್ಲಿ: ‘ವಿಚ್’ ಇದೆ, ಅಲ್ಪವಿರಾಮ ಇಲ್ಲ. ಬ್ರಿಟಿಷ್ ಬರವಣಿಗೆಯಲ್ಲಿ ಇದು ಸಹಜವಾಗಿಯೇ ನಿರ್ಬಂಧಕ, ಅಂದರೆ 12 ಮಗ್ಗ. ಭಾರತದ ಕಾನೂನು ಭಾಷೆಯೂ ಇದೇ ಜಾಡಿನದು. 1872ರ ಭಾರತೀಯ ಕರಾರು ಕಾಯ್ದೆಯ ಎರಡನೇ ಕಲಮಿನಲ್ಲಿ, ಒಬ್ಬರ ಇಚ್ಛೆಯ ಮೇರೆಗೆ ಮಾತ್ರ ಜಾರಿಗೆ ತರಬಹುದಾದ ಒಪ್ಪಂದವನ್ನು ಹೇಳುವಾಗ ‘ಆನ್ ಅಗ್ರಿಮೆಂಟ್ ವಿಚ್ ಈಸ್…’ ಎಂದೇ ಇದೆ, ಅಲ್ಪವಿರಾಮವಿಲ್ಲದೆ. ನಿರ್ಬಂಧಕಕ್ಕೆ ‘ದಟ್’, ಅನಿರ್ಬಂಧಕಕ್ಕೆ ‘ವಿಚ್’ ಎಂದು ಹಂಚಿಕೊಂಡರೆ ಒಳ್ಳೆಯದೆಂದು ಎಚ್. ಡಬ್ಲ್ಯು. ಫೌಲರ್ 1926ರ ತಮ್ಮ ಇಂಗ್ಲಿಷ್ ಬಳಕೆಯ ಕೋಶದಲ್ಲಿ ಸೂಚಿಸಿದರು. ಆದರೆ ಬಹುಪಾಲು ಲೇಖಕರು ಹಾಗೆ ಬರೆಯುತ್ತಿಲ್ಲ ಎಂದೂ ಒಪ್ಪಿಕೊಂಡರು. ಆ ಸಲಹೆ ಅಮೆರಿಕದಲ್ಲಿ ನಿಯಮದಂತೆ ಬೇರೂರಿತು. ಹಾಗಾಗಿ ಬೆಂಗಳೂರಿನ ಕಂಪನಿ ಬರೆದ ‘ವಿಚ್’ ಅನ್ನು ಅಮೆರಿಕದ ವಕೀಲರು ಓದಿದಾಗ, ಇಲ್ಲೊಂದು ಅಲ್ಪವಿರಾಮ ಬಿಟ್ಟುಹೋಗಿದೆಯೇ ಎಂಬ ಅನುಮಾನ ಏಳಬಹುದು. ಜಗಳಕ್ಕೆ ಅಷ್ಟೇ ಸಾಕು.

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರು ಇಲ್ಲಿ ಹೆಚ್ಚು ಎಚ್ಚರದಿಂದಿರಬೇಕು. ‘ಎರಡನೇ ಶೆಡ್ಡಿನಲ್ಲಿರುವ ಮಗ್ಗಗಳು’ ಎಂಬ ಮಾತು ಎರಡೂ ಅರ್ಥಕ್ಕೆ ಒಂದೇ ರೂಪದಲ್ಲಿ ನಿಲ್ಲುತ್ತದೆ. ಯಾವ ಅರ್ಥ ಬೇಕೆಂಬುದನ್ನು ಬರೆಯುವ ಮೊದಲೇ ತೀರ್ಮಾನಿಸಿಕೊಳ್ಳಬೇಕಾಗುತ್ತದೆ. ಅದಕ್ಕೊಂದು ಸುಲಭ ಪರೀಕ್ಷೆಯಿದೆ. ಉಪವಾಕ್ಯವನ್ನು ತೆಗೆದುಹಾಕಿ ಉಳಿದದ್ದನ್ನು ಓದಿದಾಗ ಹೊಣೆಯ ವ್ಯಾಪ್ತಿ ಬದಲಾದರೆ ಅದು ನಿರ್ಬಂಧಕ, ಬದಲಾಗದಿದ್ದರೆ ಅನಿರ್ಬಂಧಕ.

ಅನಿರ್ಬಂಧಕ ಉಪವಾಕ್ಯ ವಾಕ್ಯದ ನಡುವೆ ಬಂದರೆ ಅದರ ಎರಡೂ ತುದಿಗೆ ಅಲ್ಪವಿರಾಮ ಬೇಕು. ಕರಡು ಕೈಯಿಂದ ಕೈಗೆ ಓಡಾಡುವಾಗ ಕಳೆದುಹೋಗುವುದು ಹೆಚ್ಚಾಗಿ ಎರಡನೆಯದು. ‘ದಟ್’ ಬಳಸಲಾಗದ ಒಂದು ಜಾಗವೂ ಉಂಟು: ‘ಇನ್’, ‘ಇಂಟು’, ‘ಅಂಡರ್’ ಮುಂತಾದವುಗಳ ಬೆನ್ನಿಗೆ. ಬಾಡಿಗೆ ಜಮೆಯಾಗುವ ಖಾತೆಯನ್ನು ‘ದಿ ಅಕೌಂಟ್ ಇಂಟು ವಿಚ್ ದಿ ರೆಂಟ್ ಈಸ್ ಪೇಯ್ಡ್’ ಎಂದೇ ಬರೆಯಬೇಕು. ಅದು ನಿರ್ಬಂಧಕವೇ, ತಪ್ಪಲ್ಲ. ಆದ್ದರಿಂದ ಕರಡಿನ ‘ವಿಚ್’ಗಳನ್ನೆಲ್ಲ ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ‘ದಟ್’ ಮಾಡಿಬಿಡುವುದು ಅಪಾಯ.

ನ್ಯಾಯಾಲಯಗಳು ಒಂದು ಪದವನ್ನೋ ಚಿಹ್ನೆಯನ್ನೋ ಮಾತ್ರ ಹಿಡಿದು ತೀರ್ಪು ಕೊಡುವುದಿಲ್ಲ. ಇಡೀ ಕರಾರನ್ನು, ಅದರ ಉದ್ದೇಶವನ್ನು ನೋಡುತ್ತವೆ. ಕಾಯ್ದೆಯೊಂದನ್ನು ಅರ್ಥೈಸುವಾಗ ವಿರಾಮಚಿಹ್ನೆ ಸಣ್ಣ ಅಂಶವೆಂದು ಭಾರತದ ಸುಪ್ರೀಂ ಕೋರ್ಟ್ 1952ರ ಅಶ್ವಿನಿಕುಮಾರ್ ಘೋಷ್ ಪ್ರಕರಣದಲ್ಲಿ ಹೇಳಿತು. ಎಚ್ಚರದಿಂದ ಚಿಹ್ನೆಗಳನ್ನು ಹಾಕಿದ್ದು ಅರ್ಥದಲ್ಲಿ ಸಂದೇಹವಿದ್ದರೆ ಅವಕ್ಕೂ ತೂಕ ಉಂಟೆಂದು ಅದೇ ತೀರ್ಪಿನಲ್ಲಿದೆ. ಅಂದರೆ ಅಲ್ಪವಿರಾಮ ಕೈಹಿಡಿಯುತ್ತದೆಂಬ ಭರವಸೆಯೂ ಇಲ್ಲ, ಅದನ್ನು ಕಡೆಗಣಿಸುವ ಧೈರ್ಯವೂ ಸಲ್ಲದು.

ಹಾಗಾಗಿ ಕರಾರು ಬರೆಯುವವರು ನಿರ್ಬಂಧಕಕ್ಕೆ ಅಲ್ಪವಿರಾಮವಿಲ್ಲದ ‘ದಟ್’ ಬಳಸುವುದು ಕ್ಷೇಮ. ಅನಿರ್ಬಂಧಕ ವಿವರವನ್ನು ‘ವಿಚ್’ಗೆ ನೇತುಹಾಕುವ ಬದಲು ಬೇರೆಯೇ ವಾಕ್ಯ ಮಾಡಿದರೆ ಇನ್ನೂ ಮೇಲು: ‘ಮಾರುವವರು ಎಲ್ಲ 40 ಮಗ್ಗಗಳನ್ನು ರಿಪೇರಿ ಮಾಡಿಕೊಡತಕ್ಕದ್ದು. ಅವುಗಳಲ್ಲಿ 12 ಎರಡನೇ ಶೆಡ್ಡಿನಲ್ಲಿವೆ.’ ಸಂಖ್ಯೆಯನ್ನೇ ಬರೆದಮೇಲೆ ಈ ಷರತ್ತು ಯಾವ ದೇಶದ ವಕೀಲರ ಕೈಗೆ ಹೋದರೂ ಅರ್ಥ ಒಂದೇ.